ಕಾಣದ ಹೆಬ್ಬೆರಳು

ಹಸೀನಾ ಬೇಗಂ ನಮ್ಮ ಕೋಣೆಗೆ ಕಾಲಿಟ್ಟ ದಿನ ನನ್ನ ಮುಖಕ್ಕಿಂತ ಮೊದಲು ನನ್ನ ಕೈ ನೋಡಿದರು. "ಎರಡು-ನಾಕು" ಎಂದರು. ಏನು ಎರಡು, ಏನು ನಾಲ್ಕು ಎಂದು ಕೇಳಿದೆ.

"ನಿಮ್ಮ ಕೈಬಳಿ ಸೈಜ್ ರೀ ಮೇಡಂ. ಆದ್ರ ಕೈಯಾಗ ಒಂದೂ ಇಲ್ಲಲ್ಲ, ಯಾಕ?"

ನನಗೆ ರೇಗಿತು. ಕೆಲಸ ಕೇಳಿಕೊಂಡು ಬಂದವರು ಮೊದಲು ನಮಸ್ಕಾರ ಹೇಳಬೇಕೋ, ಬಳೆಯ ವಿಚಾರಣೆ ಮಾಡಬೇಕೋ? ಮನೆಯಲ್ಲಿ ಅಮ್ಮನದು ದಿನಾ ಇದೇ ಪುರಾಣ, ಬೋಳುಗೈ ಬೋಳುಗೈ ಅಂತ. ಇಲ್ಲಿಯೂ ಅದೇ ಆದರೆ ಎಲ್ಲಿಗೆ ಹೋಗಲಿ? ದೇವದುರ್ಗದ ಸಂತೆಯಲ್ಲಿ, ನನಗೆ ಒಂಬತ್ತು ವರ್ಷ ಇದ್ದಾಗ, ತೊಡಿಸುವಾಗಲೇ ಬಳೆ ಒಡೆದು ಅಂಗೈ ಸೀಳಿತ್ತು. ಆ ಗೆರೆ ಇನ್ನೂ ಇದೆ. ಅಂದಿನಿಂದ ಗಾಜಿನ ಬಳೆ ಕಂಡರೆ ನಾನು ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತೇನೆ. ಇದನ್ನೆಲ್ಲ ಅವರಿಗೆ ಹೇಳುವ ಅಗತ್ಯ ನನಗೆ ಕಾಣಲಿಲ್ಲ. "ಕುಂದರ್ರಿ, ಕೆಲಸ ಹೇಳಿಕೊಡ್ತೀನಿ" ಎಂದೆ.

ನಾನು ವೇದಶ್ರೀ. ರಾಯಚೂರಿನ ಗಂಜ್ ರಸ್ತೆಯಲ್ಲಿ, ಅಕ್ಕಿ ವ್ಯಾಪಾರಿಯ ಮಳಿಗೆಯ ಮೇಲಿನ ಮಹಡಿಯಲ್ಲಿ ಒಂಬತ್ತು ಜನರ ಗುಂಪಿಗೆ ಮುಖ್ಯಸ್ಥೆ. ನಮ್ಮ ಕೆಲಸ ಸುಲಭವಾಗಿ ಹೇಳಬಹುದು, ಮಾಡುವುದು ಕಷ್ಟ. ಕಂಪ್ಯೂಟರಿಗೆ ಯಾರೋ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಕೊಟ್ಟಿರುತ್ತಾರೆ. ಅದು ಆ ಮಾತು ಹಿಡಿದು ನಾಲ್ಕು ಚಿತ್ರ ಬರೆದಿರುತ್ತದೆ. ಆ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನಾವು ಮೂರು ಸಂಗತಿ ನೋಡಬೇಕು. ಬರೆದ ಮಾತಿಗೆ ಚಿತ್ರ ಎಷ್ಟು ನಿಷ್ಠವಾಗಿದೆ? ದೇಹದ ರಚನೆ ಸರಿ ಇದೆಯೇ, ಅಂದರೆ ಕೈಕಾಲು ಬೆರಳು ಇರಬೇಕಾದಷ್ಟು, ಇರಬೇಕಾದ ಕಡೆ ಇವೆಯೇ? ಕರಗಿದ ಅಂಚು, ಅರ್ಥವಿಲ್ಲದ ಅಕ್ಷರ, ಗಾಳಿಯಲ್ಲಿ ತೇಲುವ ಲೋಟ ಇಂಥ ಕಸ ಏನಾದರೂ ಸೇರಿದೆಯೇ? ಮೂರಕ್ಕೂ ಬೇರೆಬೇರೆ ಅಂಕ ಕೊಟ್ಟು, ತಪ್ಪಿದ್ದ ಕಡೆ ಚೌಕ ಎಳೆದು, ಕೊನೆಗೆ ಒಂದರಿಂದ ನಾಲ್ಕರವರೆಗೆ ಸಾಲಾಗಿ ನಿಲ್ಲಿಸಬೇಕು.

ಹಸೀನಾ ಆಪಾ (ಆಪಾ ಎಂದರೆ ಅಕ್ಕ, ನಾವೆಲ್ಲ ಹಾಗೇ ಕರೆಯುತ್ತಿದ್ದೆವು) ಮಾನ್ವಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ವಯಸ್ಸು ನಲವತ್ತಾರು. ಇಪ್ಪತ್ತೆರಡು ವರ್ಷ ಬಳೆ ಮಾರಿದವರು. ಮಾನ್ವಿ, ಕುರ್ಡಿ, ದೇವದುರ್ಗ ಅಂತ ಸಂತೆ ಸಂತೆ ತಿರುಗಿ, ಮದುವೆಮನೆಗಳಿಗೆ ಹೋಗಿ, ಎಷ್ಟು ಸಾವಿರ ಕೈ ಹಿಡಿದಿದ್ದಾರೋ ಅವರಿಗೇ ಗೊತ್ತಿಲ್ಲ. ಮಗಳ ಹತ್ತಿರ ಕಂಪ್ಯೂಟರ್ ಕಲಿತು ಬಂದಿದ್ದರು.

ಮೊದಮೊದಲು ಅವರ ತೀರ್ಪು ನೋಡಿ ನಾನು ಹಣೆ ಚಚ್ಚಿಕೊಂಡೆ. 'ಮೂರು ಮೇಕೆ, ಅದರಲ್ಲಿ ಒಂದು ಕಪ್ಪು' ಎಂದು ಬರೆದಿದ್ದ ಕಡೆ ನಾಲ್ಕು ಮೇಕೆಗಳ ಚಿತ್ರಕ್ಕೆ ಪೂರ್ತಿ ಅಂಕ ಕೊಟ್ಟಿದ್ದರು.

"ಆಪಾ, ಮೂರು ಅಂತ ಬರದದ. ಇಲ್ಲಿ ಎಷ್ಟ ಅದಾವ?"

"ನಾಕ ಅದಾವ. ಆದ್ರ ಎಷ್ಟ್ ಚಂದ ಅದಾವ ನೋಡ್ರಿ! ಒಂದ್ ಹೆಚ್ಚಿಗಿ ಇದ್ರ ಯಾರಿಗೆ ನಷ್ಟ?"

"ಚಂದ ಬ್ಯಾರೆ, ನಿಷ್ಠಿ ಬ್ಯಾರೆ ರೀ!" ಎಂದು ಕಿರುಚಿದೆ. ಇನ್ನೊಂದು ಸಲ ರೊಟ್ಟಿ ಬಡಿಯುವ ಹೆಂಗಸಿನ ಚಿತ್ರದಲ್ಲಿ ಒಲೆಯ ಉರಿ ಎಡಕ್ಕಿದ್ದರೂ ನೆರಳು ಎಡಕ್ಕೇ ಬಿದ್ದಿತ್ತು. ಅವರಿಗೆ ಅದು ಕಾಣಲೇ ಇಲ್ಲ. ರೊಟ್ಟಿ ತೆಳ್ಳಗೆ ಬಂದಿದೆ ಎಂದು ಟಿಪ್ಪಣಿ ಬರೆದಿದ್ದರು!

ಆದರೆ ಕೈ ಬಂದರೆ ಆ ಹೆಂಗಸೇ ಬೇರೆ. ನಾವೆಲ್ಲ ಚಿತ್ರ ದೊಡ್ಡದು ಮಾಡಿ ಬೆರಳೆಣಿಸುತ್ತಿದ್ದರೆ, ಅವರು ಚಿತ್ರದಲ್ಲಿರುವ ಹಾಗೆ ತಮ್ಮ ಕೈಯನ್ನು ಹಿಡಿದು ನೋಡುತ್ತಿದ್ದರು. ಕೈ ಹಾಗೆ ತಿರುಗದಿದ್ದರೆ ಚಿತ್ರ ತಪ್ಪು. ಐದು ಬೆರಳು ಸರಿಯಾಗಿದ್ದ ಕೈಯೊಂದನ್ನು ನೋಡಿ "ಇದು ಬಲಗೈ ರೀ, ಎಡಗೈ ಕಡಿಗಿ ಹಚ್ಯಾರ" ಎಂದಾಗ ನಾನು ಕನ್ನಡಿ ಮುಂದೆ ನಿಂತು ಪರೀಕ್ಷೆ ಮಾಡಿ ಸೋತೆ. ಎಡ ಎಂದರೆ ಚಿತ್ರದಲ್ಲಿರುವವರ ಎಡ, ನೋಡುವವರ ಎಡವಲ್ಲ ಎಂಬುದನ್ನು ಹೊಸಬರಿಗೆ ಕಲಿಸಲು ನನಗೆ ವಾರ ಬೇಕು. ಅವರಿಗೆ ಹೇಳಿಕೊಡಬೇಕಾಗಲೇ ಇಲ್ಲ. ಇಪ್ಪತ್ತೆರಡು ವರ್ಷ ಎದುರು ಕುಳಿತವರ ಕೈಯನ್ನೇ ಹಿಡಿದವರು ಅವರು.

ನನ್ನ ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಒಂದೇ ಸಾಲಿತ್ತು: 'ಮೊದಲು ಬೆರಳು ಎಣಿಸಿ.' ಬರೆದವಳು ನಾನೇ. ಅದರ ಮೇಲೆ ನನಗೆ ಬಹಳ ಅಭಿಮಾನ.

ಈಗ ನಮ್ಮ ಒಂದು ಪದ್ಧತಿ ಹೇಳಬೇಕು. ದಿನದ ಕೆಲಸದ ನಡುವೆ ಗೊತ್ತಾಗದ ಹಾಗೆ ಕೆಲವು ಪರೀಕ್ಷಾ ಪ್ರಶ್ನೆ ಸೇರಿಸಿರುತ್ತಾರೆ. ಅವುಗಳ ಉತ್ತರ ಮೊದಲೇ ಗೊತ್ತಿರುತ್ತದೆ. ನನ್ನಂಥ ಮುಖ್ಯಸ್ಥರು ಬರೆದಿಟ್ಟಿರುತ್ತಾರೆ. ಅದಕ್ಕೆ ಮೂಲ ಉತ್ತರ ಅನ್ನುತ್ತೇವೆ. ತಿಂಗಳಲ್ಲಿ ಎರಡು ತಪ್ಪಿದರೆ ಎಚ್ಚರಿಕೆ. ಮೂರನೆಯದು ತಪ್ಪಿದರೆ ಚಿತ್ರದ ಕೆಲಸದಿಂದ ತೆಗೆದು, ಹಳೆಯ ಕಾಗದಪತ್ರ ಟೈಪ್ ಮಾಡುವ ಗುಂಪಿಗೆ ಹಾಕುತ್ತಾರೆ. ಮೇಕೆ ಒಂದು, ರೊಟ್ಟಿ ಒಂದು. ಆಪಾ ಅವರದು ಎರಡು ಆಗಿತ್ತು.

ಆ ಮಂಗಳವಾರ ಮಧ್ಯಾಹ್ನ ಹನ್ನೆರಡಕ್ಕೆ ನನ್ನ ಪರದೆಯ ಮೇಲೆ ಅವರ ಹೆಸರು ಕೆಂಪಾಯಿತು. ಮೂರನೆಯದು.

ತೆಗೆದು ನೋಡಿದೆ. ಪ್ರಶ್ನೆ ಹೀಗಿತ್ತು: 'ಸಂತೆಯ ಬಳೆ ಅಂಗಡಿ. ನಡುವಯಸ್ಸಿನ ಬಳೆಗಾರ್ತಿ ತನ್ನೆದುರು ಕುಳಿತ ಹುಡುಗಿಯ ಎಡಗೈಗೆ ಹಸಿರು ಗಾಜಿನ ಬಳೆ ತೊಡಿಸುತ್ತಿದ್ದಾಳೆ. ಬಳೆ ಅರ್ಧ ದಾರಿಯಲ್ಲಿದೆ, ಮಣಿಕಟ್ಟಿಗೆ ಇನ್ನೂ ಇಳಿದಿಲ್ಲ.' ನಾಲ್ಕು ಚಿತ್ರ. ಮೊದಲನೆಯದರಲ್ಲಿ ಬಳೆ ಆಗಲೇ ಮಣಿಕಟ್ಟಿಗೆ ಇಳಿದಿತ್ತು, ಅದೂ ಬಲಗೈಯಲ್ಲಿ. ದೇಹ ಸರಿ, ಮಾತಿಗೆ ತಪ್ಪಿತ್ತು. ಎರಡನೆಯದು ನೋಡಿದರೆ ಕ್ಯಾಲೆಂಡರಿಗೆ ಹಾಕಬೇಕು ಅನ್ನಿಸುವ ಹಾಗಿತ್ತು. ಹುಡುಗಿಯ ಕೈ ಬೀಸಣಿಗೆಯಂತೆ ಅರಳಿದೆ, ಐದೂ ಬೆರಳು ಎಣಿಸಿಕೊಳ್ಳಿ ಎನ್ನುತ್ತವೆ. ಮೂರನೆಯದು ಸಾದಾ ಚಿತ್ರ. ಹಿನ್ನೆಲೆಯ ಅಂಗಡಿ ಬೋರ್ಡಿನ ಅಕ್ಷರ ಯಾವ ಭಾಷೆಯದೂ ಅಲ್ಲ, ಹುಡುಗಿಯ ಕೈ ಮುದುಡಿದೆ, ನಾಲ್ಕೇ ಬೆರಳು. ನಾಲ್ಕನೆಯದರಲ್ಲಿ ಬಳೆಗಾರ್ತಿಗೆ ಮೂರು ಕೈ.

ಮೂಲ ಉತ್ತರದಲ್ಲಿ ಎರಡನೆಯ ಚಿತ್ರ ಮೊದಲ ಸ್ಥಾನದಲ್ಲಿತ್ತು. ಮೂರನೆಯದಕ್ಕೆ 'ಬೆರಳು ಇಲ್ಲ, ದೊಡ್ಡ ದೋಷ' ಎಂದಿತ್ತು. ಆಪಾ ಅದನ್ನು ತಲೆಕೆಳಗು ಮಾಡಿದ್ದರು. ನಾಲ್ಕು ಬೆರಳಿನ ಚಿತ್ರವೇ ಮೊದಲು, ಕ್ಯಾಲೆಂಡರ್ ಚಿತ್ರ ಮೂರನೆಯ ಸ್ಥಾನದಲ್ಲಿ.

ಆ ಮೂಲ ಉತ್ತರ ಬರೆದವಳೂ ನಾನೇ.

"ಆಪಾ, ಬರ್ರಿ ಇಲ್ಲಿ! ಬೆರಳ ಎಣಸಾಕ ಬರಂಗಿಲ್ಲೇನು ನಿಮಗ? ಬೋರ್ಡಿನ ಮ್ಯಾಲ ಇಷ್ಟ ದೊಡ್ಡದಾಗಿ ಬರದೀನಿ!"

ಅವರು ನಿಧಾನವಾಗಿ ಬಂದು ನನ್ನ ಪರದೆ ನೋಡಿದರು. "ಇದಾ? ಇದರಾಗ ಎಣಸೋದು ಏನದ ರೀ? ಬಳಿ ಹಾಕೋವಾಗ ಹೆಬ್ಬಟ್ಟು ಕಾಣಬಾರದು. ಕಂಡ್ರ ಬಳಿ ಒಳಗ ಹೋಗಂಗಿಲ್ಲ."

"ಎಲ್ಲಿ ಹೋಗ್ತದ ಹೆಬ್ಬಟ್ಟು? ಸಂತಿಗೆ ಹೋಗ್ತದೇನು?"

"ಅಂಗೈಯಾಗ ಮುಚ್ಕೊಂಡು ಕುಂದರ್ತದ ರೀ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಬಾಯಿಬಿಟ್ಟೇ ಅಂದೆ. ಈಗ ನಾಚಿಕೆಯಾಗುತ್ತದೆ, ಆದರೆ ಅಂದದ್ದು ಅಂದದ್ದೇ. ಕೋಣೆಯಲ್ಲಿ ಎಲ್ಲರೂ ಕೀಲಿಮಣೆ ಬಿಟ್ಟು ಇತ್ತ ತಿರುಗಿದರು. ಮೂರನೆಯ ತಪ್ಪು ಇದು, ಸಂಜೆ ನಾಲ್ಕು ಗಂಟೆಯೊಳಗೆ ನನ್ನಿಂದ ಆಕ್ಷೇಪಣೆ ಹೋಗದಿದ್ದರೆ ಚಿತ್ರದ ಕೆಲಸ ಮುಗಿಯಿತು ಎಂದೂ ಹೇಳಿದೆ.

ಅವರ ಮುಖ ಬಾಡಿತು. ಅಷ್ಟು ಹೊತ್ತು ನಗುತ್ತಿದ್ದವರು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕುಳಿತರು. ಸಣ್ಣ ದನಿಯಲ್ಲಿ ಹೇಳಿದರು: "ಮೇಡಂ, ನನ್ನ ಗಂಡ ತೀರಿಕೊಂಡು ನಾಕ ವರ್ಷ ಆತು. ಆಮ್ಯಾಲ ಮದಿವಿ ಮನ್ಯಾಗ ಬಳಿ ಹಾಕಾಕ ಕರಿಯೋದು ಬಿಟ್ರು. ಗಂಡ ಸತ್ತಾಕಿ ಕೈಲೆ ಮದುಮಗಳಿಗೆ ಬಳಿ ಬ್ಯಾಡ ಅಂತ. ಸಂತ್ಯಾಗೂ ಹಂಗ ಆತು. ಕಾಗದ ಟೈಪ್ ಮಾಡಾಕ ನನಗ ಬರ್ತದ, ಇಲ್ಲ ಅನ್ನಂಗಿಲ್ಲ. ಆದ್ರ ಇಲ್ಲಿ ದಿನಾ ನೂರು ಕೈ ನೋಡ್ತೀನಿ. ಇದನ್ನ ನನ್ನಿಂದ ಕಸಗೋಬ್ಯಾಡ್ರಿ."

ನನ್ನ ಸಿಟ್ಟು ಇಳಿದ ಮೇಲೆ ತಲೆಯಲ್ಲಿ ಒಂದು ಹುಳ ಕೊರೆಯಲು ಶುರುವಾಯಿತು. ಹೆಬ್ಬೆರಳು ನಿಜಕ್ಕೂ ಅಷ್ಟು ಪೂರ್ತಿ ಮುಚ್ಚಿಹೋಗುತ್ತದೆಯೇ? ನನ್ನ ಎಡಗೈಯನ್ನು ಮೇಜಿನ ಕೆಳಗೆ ಹಿಡಿದು ಮಡಚಿ ನೋಡಿದೆ. ತುದಿ ಇಣುಕುತ್ತಿತ್ತು.

"ಹಂಗ ಅಲ್ರಿ" ಎಂದರು ಆಪಾ. ಮೇಜಿನ ಕೆಳಗಿನ ಕೈಯೂ ಅವರ ಕಣ್ಣಿಗೆ ಬಿದ್ದಿತ್ತು! "ನಾವ ಮಡಚಿಕೊಂಡ್ರ ಅಷ್ಟ ಆಗಂಗಿಲ್ಲ. ಇನ್ನೊಬ್ರು ಹಿಂಡಬೇಕು. ಕೈ ಕೊಡ್ರಿ."

ಎದುರು ಸಾಲಿನಲ್ಲಿದ್ದ ಪರ್ವೇಜ್ ಭಾಯ್ ಎದ್ದು ಬಂದರು. ದೇವದುರ್ಗದಲ್ಲಿ ಹದಿನೆಂಟು ವರ್ಷ ಫೋಟೋ ಸ್ಟುಡಿಯೋ ನಡೆಸಿದವರು ಅವರು. ಬೆಳಕು, ನೆರಳು, ಕೋನದ ವಿಷಯಕ್ಕೆ ನಮ್ಮ ಕೋಣೆಗೆ ಅವರೇ ನ್ಯಾಯಾಧೀಶರು. ಅದೇ ಪ್ರಶ್ನೆಗೆ ಅವರು ನನ್ನ ಹಾಗೆಯೇ ಉತ್ತರ ಕೊಟ್ಟು ಪಾಸಾಗಿದ್ದರು.

"ವಾದ ಯಾಕ ಮೇಡಂ? ಅಂಗೈ ಹುಣ್ಣಿಗೆ ಕನ್ನಡಿ ಬೇಕೇನು? ಹಾಕಿಸಿಕೊಳ್ರಿ, ಚಿತ್ರ ಯಾವ ಕೋನದಾಗ ಐತೋ ಅದ ಕೋನದಿಂದ ನಾ ಫೋಟೋ ಹೊಡಿತೀನಿ. ಸಾಕ್ಷಿ ಆಕ್ಕತಿ."

"ಬ್ಯಾರೆ ಯಾರದಾದ್ರೂ ಕೈ ತಗೋರಿ" ಎಂದೆ. ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಿದ್ದೆ. ಎಲ್ಲ ಹುಡುಗಿಯರ ಕೈಯಲ್ಲೂ ಬಳೆಯೋ, ಗಡಿಯಾರವೋ, ದಾರವೋ ಇತ್ತು. ಚಿತ್ರದ ಹುಡುಗಿಯದು ಬರಿಗೈ. ಇಡೀ ಕೋಣೆಯಲ್ಲಿ ಬರಿಗೈ ಇದ್ದವಳು ನಾನೊಬ್ಬಳೇ.

ಆಪಾ ಊಟದ ಚೀಲದಿಂದ ದಾರಕ್ಕೆ ಪೋಣಿಸಿದ ಐದಾರು ಹಸಿರು ಬಳೆ ತೆಗೆದರು. ಬಿಟ್ಟುಹೋದ ಕೆಲಸದ ಬಳೆ ಊಟದ ಡಬ್ಬಿಯ ಪಕ್ಕ ಯಾಕೆ ಎಂದು ಯಾರೂ ಕೇಳಲಿಲ್ಲ. ಒಂದನ್ನು ಆರಿಸಿ, ಬೆಳಕಿಗೆ ಹಿಡಿದು ಸುತ್ತ ತಿರುಗಿಸಿ, ಉಗುರಿನಿಂದ ಟಿಣ್ ಎಂದು ಬಡಿದು ಕೇಳಿದರು. ಬಿರುಕಿದ್ದರೆ ದನಿ ಒಡಕಾಗಿರುತ್ತದಂತೆ. ನನ್ನ ಒಂಬತ್ತನೆಯ ವಯಸ್ಸಿನಲ್ಲಿ ಯಾರೂ ಹೀಗೆ ಬಡಿದು ನೋಡಿರಲಿಲ್ಲ.

ಎಡಗೈ ಕೊಟ್ಟೆ. ಅವರು ಮೊದಲು ಅಂಗೈಯ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದರು. ಹಳೆಯ ಗಾಯ ಎಂದು ಅವರಿಗೆ ಆ ಕ್ಷಣದಲ್ಲೇ ಗೊತ್ತಾಗಿರಬೇಕು. ಆಮೇಲೆ ಗೆಣ್ಣುಗಳನ್ನು ಒಂದೊಂದಾಗಿ ನೀವತೊಡಗಿದರು. ಕೈ ಮೆತ್ತಗಾಗುತ್ತಾ ಬಂತು.

"ಬಿಗಿ ಹಿಡೀಬ್ಯಾಡ್ರಿ. ಇವತ್ತ ಮನ್ಯಾಗ ಏನ್ ಅಡಿಗಿ?"

"ಹಿಟ್ಟಿನ ಪಲ್ಯ... ಅಲ್ಲ, ಪುಂಡಿಪಲ್ಯ, ಅಮ್ಮ ಬೆಳಿಗ್ಗೆ..." ಎನ್ನುವಷ್ಟರಲ್ಲಿ ಪರ್ವೇಜ್ ಭಾಯ್ "ಹಂಗ ಇರ್ರಿ, ಅಲುಗಾಡಬ್ಯಾಡ್ರಿ!" ಎಂದು ಕೂಗಿದರು. ನೋಡಿದರೆ ಬಳೆ ಗೆಣ್ಣು ದಾಟಿ ಅರ್ಧ ದಾರಿಯಲ್ಲಿತ್ತು. ಅವರು ಮೊಬೈಲ್ ಹಿಡಿದು ಬಗ್ಗಿ, ಪರದೆಯ ಚಿತ್ರವನ್ನೊಮ್ಮೆ ನನ್ನ ಕೈಯನ್ನೊಮ್ಮೆ ನೋಡಿ, ಎರಡು ಹೆಜ್ಜೆ ಬಲಕ್ಕೆ ಸರಿದು ಫೋಟೋ ತೆಗೆದರು. ಆಪಾ ಕೈಯನ್ನು ಒಂದು ಸಲ ತಿರುವಿದರು. ಬಳೆ ಮಣಿಕಟ್ಟಿಗೆ ಬಂತು. ಒಂದಿಷ್ಟೂ ನೋಯಲಿಲ್ಲ.

ಪರ್ವೇಜ್ ಭಾಯ್ ಫೋಟೋವನ್ನು ದೊಡ್ಡದು ಮಾಡಿ ಎಲ್ಲರಿಗೂ ಕೇಳುವ ಹಾಗೆ ಎಣಿಸಿದರು. "ಒಂದು, ಎರಡು, ಮೂರು, ನಾಕು. ಮೇಡಂ, ನಿಮಗ ಹೆಬ್ಬಟ್ಟಿಲ್ಲ! ದೊಡ್ಡ ದೋಷ!"

ಕೋಣೆ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಆದರೆ ನಾನು ಸುಮ್ಮನೆ ಸೋಲುವವಳಲ್ಲ. ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ. "ನಂದು ಒಳಗ ಅದ ಅಂತ ಗೊತ್ತದ. ಚಿತ್ರದಾಗಿನ ಹುಡುಗಿಗೆ ಹೆಬ್ಬಟ್ಟ ಬರದದೋ, ಮರತದೋ, ಹೆಂಗ ಹೇಳ್ತೀರಿ?" ಎಂದೆ.

"ನೋಡೋಣ ಬರ್ರಿ" ಎಂದು ಆಪಾ ಮೂರನೆಯ ಚಿತ್ರವನ್ನು ಹಿಗ್ಗಿಸಿದರು. ನನ್ನ ಫೋಟೋದಲ್ಲಿ ಹೆಬ್ಬೆರಳಿನ ಬುಡ ಅಂಗೈಗೆ ಮಡಚಿದ ಕಡೆ ಚರ್ಮ ಉಬ್ಬಿ, ಎರಡು ಮಡಿಕೆ ಬಿದ್ದಿತ್ತು. ಚಿತ್ರದಲ್ಲಿಯೂ ಅದೇ ಜಾಗದಲ್ಲಿ ಅದೇ ಉಬ್ಬು, ಮಡಿಕೆ ಇದ್ದವು. ಬೆರಳೇ ಇಲ್ಲದಿದ್ದರೆ ಆ ಕಡೆ ಚಪ್ಪಟೆಯಾಗಿರುತ್ತಿತ್ತು. ಮರೆಯಾದದ್ದು ಬೇರೆ, ಇಲ್ಲದ್ದು ಬೇರೆ. ಚಿತ್ರದೊಳಗಿನ ಬೋರ್ಡಿನ ಕೆಟ್ಟ ಅಕ್ಷರಗಳ ಮೇಲೆ ಆಪಾ ಆಗಲೇ ಚೌಕ ಎಳೆದು ಸಣ್ಣ ಕಸ ಎಂದು ಬರೆದಿದ್ದರು. ಅದನ್ನು ಅವರು ಬಿಟ್ಟಿರಲಿಲ್ಲ.

"ಈಗ ನಿಮ್ಮ ಚಂದನ್ನ ಚಿತ್ರ ನೋಡ್ರಿ" ಎಂದರು. ಎರಡನೆಯದನ್ನು ಹಿಗ್ಗಿಸಿದೆವು. ಹುಡುಗಿಯ ಹೆಬ್ಬೆರಳು ಪಕ್ಕಕ್ಕೆ ಚಾಚಿದೆ. ಬಳೆ ಹೆಬ್ಬೆರಳಿನ ಬುಡದ ಮೇಲೆ ಕುಳಿತಿದೆ. ಹಸಿರು ಗೆರೆ ಹಿಡಿದು ಕಣ್ಣು ಓಡಿಸಿದರೆ ಅದು ಹೆಬ್ಬೆರಳಿನ ಕೆಳಗಿನ ಮಾಂಸದೊಳಗೆ ಹೋಗಿ, ಕಾಣದಾಗಿ, ಆ ಕಡೆಯಿಂದ ಹೊರಗೆ ಬರುತ್ತಿತ್ತು. ಗಾಜು ಕೈಯನ್ನು ತೂರಿಕೊಂಡು ಹೋಗಿದೆ! ರಕ್ತ ಇಲ್ಲ, ಅಷ್ಟೇ. ಕಂಡರೆ ಬಿಡಲಾರದಷ್ಟು ದೊಡ್ಡ ತಪ್ಪು. ಉತ್ತರ ಬರೆಯುವ ದಿನ ನಾನು ಐದರವರೆಗೆ ಎಣಿಸಿ, ಸಮಾಧಾನಪಟ್ಟು, ಮುಂದಿನ ಚಿತ್ರಕ್ಕೆ ಹೋಗಿದ್ದೆ. ಬರೀ ಬೆರಳು ಎಣಿಸಿ ಮುಗಿಸುವ ಅಭ್ಯಾಸ ಇಲ್ಲದವರು ಯಾರೂ ಈ ತಪ್ಪು ಮಾಡುತ್ತಿರಲಿಲ್ಲ.

ಗಂಟೆ ಎರಡೂಮುಕ್ಕಾಲು. ಇನ್ನು ಮುಚ್ಚುಮರೆ ಯಾಕೆ, ಹೇಳಿಬಿಡುತ್ತೇನೆ. ಹನ್ನೊಂದು ತಿಂಗಳಲ್ಲಿ ನಾನು ಬರೆದ ಒಂದು ಮೂಲ ಉತ್ತರವೂ ತಪ್ಪೆಂದು ತಿರುಗಿ ಬಂದಿರಲಿಲ್ಲ. ಬೇರೆ ಕೇಂದ್ರದವರು ನನ್ನ ಉತ್ತರ ನೋಡಿ ಕಲಿಯಿರಿ ಎಂದು ಹೈದರಾಬಾದಿನ ಪರಿಶೀಲಕರು ಬರೆದದ್ದುಂಟು. ನಾಲ್ಕು ಗಂಟೆಯವರೆಗೆ ಚಹಾ ಕುಡಿಯುತ್ತಾ ಕುಳಿತರೆ ಸಾಕಿತ್ತು, ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಉತ್ತರ ಬರೆದವರು ಯಾರು ಎಂದು ಆಪಾಗೆ ಗೊತ್ತೂ ಇರಲಿಲ್ಲ. ಚಹಾ ತರಿಸಿದೆ, ಕುಡಿದೆ ಕೂಡ. ಅಷ್ಟು ಹೊತ್ತೂ ಆಪಾ ತಮ್ಮ ಜಾಗದಲ್ಲಿ ಕುಳಿತು, ಪರದೆ ಆರಿಸಿ, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಆಕ್ಷೇಪಣೆಯ ಪುಟ ತೆರೆದೆ. ಎಡಗೈ ಆಡಿದಾಗಲೆಲ್ಲ ಬಳೆ ಮೇಜಿಗೆ ತಾಗಿ ಟಿಣ್ ಎನ್ನುತ್ತಿತ್ತು. ಅದನ್ನು ಬಿಚ್ಚೋಣ ಎಂದರೆ ನನಗೊಬ್ಬಳಿಗೇ ಬಿಚ್ಚಲು ಬರುವುದಿಲ್ಲ, ಒಡೆಯಬೇಕು. ಬರೆದೆ: 'ಮೂಲ ಉತ್ತರ ತಪ್ಪು. ಮೂರನೆಯ ಚಿತ್ರದಲ್ಲಿ ಹೆಬ್ಬೆರಳು ಅಂಗೈಯಲ್ಲಿ ಮಡಚಿ ಮರೆಯಾಗಿದೆ. ಎರಡನೆಯದರಲ್ಲಿ ಬಳೆ ಮಾಂಸದೊಳಗೆ ಹಾದುಹೋಗಿದೆ. ಅದೇ ಕೋನದ ಫೋಟೋ ಜೊತೆಗಿದೆ. ಮೂಲ ಉತ್ತರ ಬರೆದವಳು ನಾನು, ತಪ್ಪು ನನ್ನದು.' ಕೊನೆಯ ಸಾಲು ಅಳಿಸಿದೆ. ಮತ್ತೆ ಬರೆದೆ. ಮೂರೂವರೆಗೆ ಕಳಿಸಿದೆ.

ಆಪಾ ಹತ್ತಿರ ಹೋಗಿ ಹೇಳಿದೆ: "ಕಳಿಸೀನಿ. ಆ ಉತ್ತರ ನಾನ ಬರದಿದ್ದೆ ಆಪಾ. ಕುಣೀಲಾರದಾಕಿ ನಾನ."

ಅವರು ನನ್ನ ಮುಖ ನೋಡಲಿಲ್ಲ, ಬಳೆ ಇದ್ದ ಕೈ ಹಿಡಿದುಕೊಂಡರು. "ನಾಕ ವರ್ಷದಾಗ ನಾ ಬಳಿ ಹಾಕಿದ್ದು ಈ ಕೈಗೇ ಮೊದಲು" ಎಂದರು. ಏನೋ ಕೆಲಸ ಇದೆ ಎಂದು ಹೇಳಿ ನನ್ನ ಜಾಗಕ್ಕೆ ಬಂದೆ.

ಮರುದಿನ ಹತ್ತೂವರೆಗೆ ಹೈದರಾಬಾದಿನಿಂದ ಉತ್ತರ ಬಂತು. ಆಕ್ಷೇಪಣೆ ಒಪ್ಪಿದ್ದರು. ಆಪಾ ಹೆಸರಿನ ಕೆಂಪು ಹೋಗಿತ್ತು. ನನ್ನ ಹೆಸರಿನ ಮುಂದೆ ಎಚ್ಚರಿಕೆಯ ಒಂದು ಹಳದಿ ಚುಕ್ಕೆ ಬಿದ್ದಿತ್ತು, ಬೀಳಲಿ. ಜೊತೆಗೆ ಇನ್ನೊಂದು ಸಾಲಿತ್ತು: ಆ ಪ್ರಶ್ನೆಗೆ ಉತ್ತರಿಸಿದ ಮೂವತ್ತೊಂದು ಜನರಲ್ಲಿ ಇನ್ನೂ ಮೂವರು ಮೂರನೆಯ ಚಿತ್ರವನ್ನೇ ಆರಿಸಿದ್ದರು, ಅವರ ಅಂಕವನ್ನೂ ತಿದ್ದಲಾಗಿದೆ. ಯಾರೋ ಗೊತ್ತಿಲ್ಲ, ಯಾವ ಊರಿನವರೋ ಗೊತ್ತಿಲ್ಲ. ನಾನು ತಪ್ಪೆಂದ ಮೇಲೆ ಅವರು ಸುಮ್ಮನಾಗಿದ್ದರು. ಅವರ ಬಗ್ಗೆ ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ. ಬಳೆ ಮಾರುವವರೋ, ಬಳೆ ತೊಡುವವರೋ?

ಬೋರ್ಡಿನ ಸಾಲಿನ ಕೆಳಗೆ ಇನ್ನೊಂದು ಬರೆದೆ: 'ಆಮೇಲೆ ಆ ಕೈ ಏನು ಮಾಡುತ್ತಿದೆ ನೋಡಿ.'

ಮಾನ್ವಿ ಬಸ್ಸು ತಡವಾಗಿ ಆಪಾ ಹನ್ನೊಂದಕ್ಕೆ ಬಂದರು. ಸುದ್ದಿ ಹೇಳಿದೆ. ಸೆರಗಿನಿಂದ ಕಣ್ಣೊರೆಸಿಕೊಂಡು, ಬೋರ್ಡು ಓದಿ, ಚೀಲದಿಂದ ಹಳೆಯ ಪೇಪರಿನಲ್ಲಿ ಸುತ್ತಿದ ಇನ್ನೊಂದು ಹಸಿರು ಬಳೆ ತೆಗೆದರು. ಉಗುರಿನಿಂದ ಬಡಿದು ದನಿ ಕೇಳಿದರು.

"ಬಲಗೈ ಕೊಡ್ರಿ."

"ಸಾಕ್ಷಿ ಕೆಲಸ ಮುಗೀತಲ್ಲ ಆಪಾ."

"ನಿನ್ನಿದು ಕಂಪ್ಯೂಟರಿಗೆ ಹಾಕಿದ್ದು. ಇದು ನಿಮಗ."

ಕೊಟ್ಟೆ. ಅವರು ಗೆಣ್ಣು ನೀವುತ್ತಾ, "ಇವತ್ತ ಮನ್ಯಾಗ ಏನ್ ಅಡಿಗಿ?" ಎಂದು ಕೇಳಿದರು. ಈ ಸಲ ನಾನು ಆ ಮಾತಿಗೆ ಮರುಳಾಗಲಿಲ್ಲ. ಹೆಬ್ಬೆರಳು ಎಲ್ಲಿ ಹೋಗುತ್ತದೆ ಎಂದು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ.